‘ರೈಟ್ ರೈಟ್’ನಿಂದ ‘ಹೋಲ್ಡಾನ್’ವರೆಗೆ: ಬಸ್ಸಲ್ಲಿ ನಮ್ಮನ್ನು ಮುಗ್ಗರಿಸೋದು ಯಾವುದು?

ಸಿಟಿ ಬಸ್ಸಲ್ಲಿ ಕಂಬಿ ಹಿಡಿದು ನಿಂತು ಆಫೀಸಿಗೆ ಹೋಗುವವರಿಗೆಲ್ಲ ಇದು ಗೊತ್ತು. ಖಾಲಿ ರಸ್ತೆಯಲ್ಲಿ ಬಸ್ಸು ಒಂದೇ ಸಮನೆ ಓಡುವಾಗ ಆರಾಮಾಗಿ ಮೊಬೈಲ್ ನೋಡಬಹುದು. ಹೊರಡುವಾಗ, ನಿಲ್ಲುವಾಗ, ಸರ್ಕಲ್‌ನಲ್ಲಿ ತಿರುಗುವಾಗ ಮಾತ್ರ ಮೈ ವಾಲುತ್ತೆ. ಅಂದರೆ ನಮ್ಮನ್ನು ಮುಗ್ಗರಿಸೋದು ಬಸ್ಸಿನ ಸ್ಪೀಡ್ ಅಲ್ಲ. ಮತ್ತೇನು? ಉತ್ತರ ಇರೋದು ಹೈಸ್ಕೂಲಿನಲ್ಲಿ ಓದಿದ ಮೂರು ಪದಗಳಲ್ಲಿ: ಜವ, ವೇಗ, ವೇಗೋತ್ಕರ್ಷ. ಇಂಗ್ಲಿಷ್‌ನಲ್ಲಾದರೆ ಸ್ಪೀಡ್, ವೆಲಾಸಿಟಿ, ಆಕ್ಸಲರೇಷನ್.

ಎರಡು ಸ್ಟಾಪ್‌ಗಳ ನಡುವೆ

ಒಂದು ಉದಾಹರಣೆ ತಗೊಳ್ಳೋಣ. ಕಂಡಕ್ಟರ್ ‘ರೈಟ್ ರೈಟ್’ ಅಂದರು. ಬಸ್ಸು ನೇರ ರಸ್ತೆಯಲ್ಲಿ 10 ಸೆಕೆಂಡ್‌ನಲ್ಲಿ ಸೊನ್ನೆಯಿಂದ ಗಂಟೆಗೆ 36 ಕಿ.ಮೀ. ಮುಟ್ಟಿತು. ಇದು ಸೆಕೆಂಡಿಗೆ 10 ಮೀಟರ್‌ಗೆ ಸಮ. ಆಮೇಲೆ ಒಂದು ನಿಮಿಷ ಅದೇ ಸ್ಪೀಡಲ್ಲಿ ಓಡಿತು. ‘ಹೋಲ್ಡಾನ್’ ಅಂದ ಕೂಡಲೇ ಡ್ರೈವರ್ ಬ್ರೇಕ್ ಒತ್ತಿ 5 ಸೆಕೆಂಡ್‌ನಲ್ಲಿ ನಿಲ್ಲಿಸಿದರು.

ಹೊರಡುವಾಗ 50 ಮೀಟರ್, ನಡುವೆ 600, ನಿಲ್ಲುವಾಗ 25. ಒಟ್ಟು 675 ಮೀಟರ್, 75 ಸೆಕೆಂಡ್. ಸರಾಸರಿ ಜವ ಗಂಟೆಗೆ 32.4 ಕಿ.ಮೀ. ಸ್ಟಾಪ್‌ನಲ್ಲಿ ಜನ ಹತ್ತಿ ಇಳಿಯೋಕೆ 15 ಸೆಕೆಂಡ್ ಸೇರಿಸಿದರೆ ಅದು 27ಕ್ಕೆ ಇಳಿಯುತ್ತೆ. ಸ್ಪೀಡೋಮೀಟರ್ ಮುಳ್ಳು 36 ತೋರಿಸಿದರೂ ಆಫೀಸ್ ತಲುಪೋದು ಯಾಕೆ ತಡ ಅನ್ನೋದಕ್ಕೆ ಇದೇ ಲೆಕ್ಕ.

ದಿಕ್ಕು ಸೇರಿದರೆ ವೇಗ

ಮಾತಿನಲ್ಲಿ ನಾವು ಜವಕ್ಕೂ ‘ವೇಗ’ ಅಂತಲೇ ಅನ್ನುತ್ತೇವೆ. ವಿಜ್ಞಾನದಲ್ಲಿ ಎರಡೂ ಬೇರೆ. ಸ್ಪೀಡೋಮೀಟರ್ ತೋರಿಸೋದು ಜವ, ಎಷ್ಟು ಜೋರು ಅನ್ನೋದಷ್ಟೇ. ಎತ್ತ ಕಡೆ ಅನ್ನೋದೂ ಸೇರಿದರೆ ವೇಗ. ಒಂದೇ ರಸ್ತೆಯಲ್ಲಿ ಎದುರುಬದುರಾಗಿ 36ರಲ್ಲಿ ಬರುವ ಎರಡು ಬಸ್ಸುಗಳ ಜವ ಒಂದೇ, ವೇಗ ಒಂದೇ ಅಲ್ಲ. ನಮ್ಮ ಬಸ್ಸು ಟ್ರಿಪ್ ಮುಗಿಸಿ ಹೊರಟ ಜಾಗಕ್ಕೇ ವಾಪಸ್ ಬಂದರೆ, ಇಡೀ ಟ್ರಿಪ್ಪಿನ ಸರಾಸರಿ ವೇಗ ಸೊನ್ನೆ! ದಿನವಿಡೀ ಓಡಿದರೂ ಬಸ್ಸು ಇದ್ದಲ್ಲೇ ಇದೆಯಲ್ಲ, ಅದಕ್ಕೆ.

ಮೈಗೆ ಗೊತ್ತಾಗೋದು ಬದಲಾವಣೆ

ಈ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಬದಲಾಗುತ್ತೆ ಅನ್ನೋದೇ ವೇಗೋತ್ಕರ್ಷ. ಬಸ್ಸು ಹೊರಡುವಾಗ ವೇಗ ಸೆಕೆಂಡ್ ಸೆಕೆಂಡಿಗೂ 1 ಮೀಟರ್‌ನಷ್ಟು ಏರಿತು. ಬ್ರೇಕ್ ಹಾಕಿದಾಗ 2 ಮೀಟರ್‌ನಷ್ಟು ಇಳಿಯಿತು. ನಡುವಿನ ಒಂದು ನಿಮಿಷ ವೇಗೋತ್ಕರ್ಷ ಸೊನ್ನೆ, ಹಾಗಾಗಿ ಏನೂ ಅನ್ನಿಸಲಿಲ್ಲ.

ಬ್ರೇಕ್ ಬಿದ್ದಾಗ ನೆಲಕ್ಕೆ ಅಂಟಿದ ಪಾದ ಬಸ್ಸಿನ ಜೊತೆ ನಿಧಾನವಾಗುತ್ತೆ. ಮೇಲಿನ ದೇಹಕ್ಕೆ ಮಾತ್ರ ಹಳೇ ವೇಗವೇ ಇರುತ್ತೆ, ಅದಕ್ಕೇ ಮುಂದಕ್ಕೆ ವಾಲುತ್ತೇವೆ. 2 ಮೀಟರ್ ಲೆಕ್ಕದ ಬ್ರೇಕ್ ಅಂದರೆ ಬಸ್ಸಿನ ನೆಲ ಮುಂದಕ್ಕೆ ಸುಮಾರು 11 ಡಿಗ್ರಿ ಇಳಿಜಾರಾದ ಹಾಗೆ, ಕಾಲೂರಿ ತಡೆದುಕೊಳ್ಳಬಹುದು. ಅಡ್ಡ ಬಂದ ಬೈಕ್ ನೋಡಿ ಎರಡೇ ಸೆಕೆಂಡ್‌ನಲ್ಲಿ ನಿಲ್ಲಿಸಿದರೆ ಅದು 27 ಡಿಗ್ರಿ ಇಳಿಜಾರು. ಕಂಬಿ ಹಿಡಿಯದವರು ಬೀಳೋದು ಆಗಲೇ. ಬಸ್ಸು ಎರಡೂ ಸಲ 36ರಲ್ಲೇ ಇತ್ತು, ನಿಲ್ಲೋಕೆ ಹಿಡಿದ ಸಮಯ ಮಾತ್ರ ಬೇರೆ.

ಮುಳ್ಳು ಅಲ್ಲಾಡದಿದ್ದರೂ

ಸರ್ಕಲ್‌ನಲ್ಲಿ ಬಸ್ಸು 18 ಕಿ.ಮೀ.ನಲ್ಲೇ ತಿರುಗುತ್ತೆ ಅಂದುಕೊಳ್ಳಿ. ಸ್ಪೀಡೋಮೀಟರ್ ಮುಳ್ಳು ಅಲ್ಲಾಡಲ್ಲ, ಜವ ಅಷ್ಟೇ ಇದೆ. ಆದರೆ ದಿಕ್ಕು ಬದಲಾಯಿತು, ಅಂದರೆ ವೇಗ ಬದಲಾಯಿತು, ಅಂದರೆ ವೇಗೋತ್ಕರ್ಷ ಇದೆ. ತಿರುವಿನ ತ್ರಿಜ್ಯ 12.5 ಮೀಟರ್ ಇದ್ದರೆ ಅದೂ ಸರಿಯಾಗಿ 2, ನಮ್ಮ ಬ್ರೇಕಿನಷ್ಟೇ. ಈ ಸಲ ವಾಲೋದು ಪಕ್ಕಕ್ಕೆ. ಅದೇ ತಿರುವನ್ನು 36ರಲ್ಲಿ ತೆಗೆದುಕೊಂಡರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತೆ. ಡ್ರೈವರ್ ತಿರುವಿಗೆ ಮೊದಲೇ ಸ್ಪೀಡ್ ಇಳಿಸೋದು ಇದಕ್ಕೇ.

ನಿಂತ ಮೇಲೆ ಹಿಂದಕ್ಕೆ ಯಾಕೆ?

ಗಮನಿಸಿದ್ದೀರಾ? ಬ್ರೇಕ್ ಹಾಕುತ್ತಾ ಇರುವಾಗ ಮುಂದಕ್ಕೆ ವಾಲುವ ನಾವು, ಬಸ್ಸು ಪೂರ್ತಿ ನಿಂತ ಕ್ಷಣ ಹಿಂದಕ್ಕೆ ಜೋಲಿ ಹೊಡೆಯುತ್ತೇವೆ. ಬ್ರೇಕ್ ತಡೆದುಕೊಳ್ಳೋಕೆ ನಮಗೆ ಗೊತ್ತಿಲ್ಲದೆಯೇ ಮೈಯನ್ನು ಹಿಂದಕ್ಕೆ ಬಿಗಿ ಹಿಡಿದಿರುತ್ತೇವೆ. ಬಸ್ಸು ನಿಂತ ತಕ್ಷಣ ಆ 2 ಒಮ್ಮೆಲೇ ಸೊನ್ನೆ ಆಗುತ್ತೆ. ತಡೆಯಬೇಕಾದ್ದು ಹೋಯಿತು, ನಮ್ಮ ಬಿಗಿ ಮಾತ್ರ ಉಳಿಯಿತು. ವೇಗೋತ್ಕರ್ಷವೇ ಹೀಗೆ ಥಟ್ಟನೆ ಬದಲಾಗೋದಕ್ಕೆ ‘ಜರ್ಕ್’ ಅಂತಾರೆ. ಪಳಗಿದ ಡ್ರೈವರ್ ಕೊನೆಯ ಒಂದೆರಡು ಮೀಟರ್‌ನಲ್ಲಿ ಬ್ರೇಕನ್ನು ಸ್ವಲ್ಪ ಸಡಿಲಿಸುತ್ತಾರೆ. ಆಗ ಬಸ್ಸು ನಿಂತಿದ್ದೇ ಗೊತ್ತಾಗಲ್ಲ.

ವಯಸ್ಸಾದವರು ಇಳಿಯೋ ಆತುರದಲ್ಲಿ ಕಂಬಿ ಬಿಡೋದು ಸರಿಯಾಗಿ ಈ ಹೊತ್ತಿನಲ್ಲೇ. ಅಮ್ಮನೋ ಅಜ್ಜಿಯೋ ಜೊತೆಗಿದ್ದರೆ ಹೇಳಿ: ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ನಿಲ್ಲಲಿ, ಬಸ್ಸು ಪೂರ್ತಿ ನಿಂತು, ಆ ಕೊನೆಯ ಜೋಲಿ ಮುಗಿದ ಮೇಲೆಯೇ ಕಂಬಿ ಬಿಡಲಿ.