ಬಾಕಿ ಕೇಳುವ ಪತ್ರದಲ್ಲಿ ಸಿಟ್ಟು ಬೇಡ, ತಾರೀಖು ಇರಲಿ

ತುಮಕೂರಿನ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಎಂದಿಟ್ಟುಕೊಳ್ಳಿ. 1,000 ಕ್ಯಾಟಲಾಗ್ ಅಚ್ಚು ಹಾಕಿ ಮೇ 28ರಂದು ಗಿರಾಕಿಗೆ ತಲುಪಿಸಿದೆ. ಬಿಲ್ 46,000 ರೂಪಾಯಿ, 30 ದಿನಗಳ ಕ್ರೆಡಿಟ್. ಜೂನ್ 27ಕ್ಕೆ ಬರಬೇಕಿದ್ದ ಹಣ ಜುಲೈ 15 ಆದರೂ ಬಂದಿಲ್ಲ. ಎರಡು ಸಲ ಫೋನ್ ಮಾಡಿ ಸೋತ ಪ್ರೆಸ್ಸಿನವರು ಕೊನೆಗೆ ವಾಟ್ಸಾಪಿನಲ್ಲಿ ಬರೆಯುತ್ತಾರೆ:

“ಎಷ್ಟು ಸಲ ಕೇಳಬೇಕು ಸರ್? ದುಡ್ಡು ಕೊಡೋಕಾಗದಿದ್ರೆ ಕೆಲಸ ಯಾಕೆ ಕೊಟ್ರಿ? ಇವತ್ತು ಸಂಜೆಯೊಳಗೆ ಬರದಿದ್ರೆ ಸುಮ್ನಿರಲ್ಲ.”

ಕೋಪ ನ್ಯಾಯವಾದದ್ದೇ. ಆದರೆ ಈ ಮೂರು ವಾಕ್ಯಗಳಲ್ಲಿ ಬಿಲ್ ನಂಬರಿಲ್ಲ, ಮೊತ್ತವಿಲ್ಲ, ಯಾವತ್ತು ಕೊಡಬೇಕಿತ್ತು ಎಂಬುದೂ ಇಲ್ಲ. ಇರುವುದು ಒಂದು ಬೈಗುಳ, ಒಂದು ಪೊಳ್ಳು ಬೆದರಿಕೆ. ಸಂಜೆ ಕಳೆದು ಏನೂ ಆಗದಿದ್ದರೆ ಮುಂದಿನ ಮಾತಿಗೂ ಬೆಲೆ ಇರುವುದಿಲ್ಲ. ಇನ್ನೊಂದು ತೊಡಕೂ ಇದೆ. ಕಂಪನಿಗಳಲ್ಲಿ ಹಣ ಬಿಡುಗಡೆ ಮಾಡುವವರು ಅಕೌಂಟ್ಸ್ ವಿಭಾಗದವರು. ನಿಮ್ಮ ಮೆಸೇಜ್ ಅವರ ಕೈಗೆ, ಅಲ್ಲಿಂದ ಸಹಿ ಹಾಕುವ ಸಾಹೇಬರ ಕೈಗೆ ಹೋಗಬೇಕು. ತಮ್ಮನ್ನೇ ಬೈದಿರುವ ಮೆಸೇಜನ್ನು ಯಾರೂ ಮೇಲಿನವರಿಗೆ ಕಳಿಸುವುದಿಲ್ಲ.

ಅದನ್ನೇ ಹೀಗೆ ತಿದ್ದಬಹುದು:

“ನಮಸ್ಕಾರ ಸರ್. ಮೇ 28ರಂದು ತಲುಪಿಸಿದ 1,000 ಕ್ಯಾಟಲಾಗಿನ ಬಿಲ್ ನಂ. 118, ಮೊತ್ತ ₹46,000, ಜೂನ್ 27ಕ್ಕೆ ಪಾವತಿಯಾಗಬೇಕಿತ್ತು. ಇಂದಿಗೆ 18 ದಿನ ಮೀರಿದೆ. ಬಿಲ್ಲಿನಲ್ಲಿ ಅಥವಾ ಮಾಲಿನಲ್ಲಿ ತಕರಾರಿದ್ದರೆ ನಾಳೆಯೊಳಗೆ ತಿಳಿಸಿ. ಇಲ್ಲವಾದರೆ ಜುಲೈ 22ರೊಳಗೆ ಹಣ ಕಳಿಸಿಕೊಡಿ. ಯಾವ ದಿನ ಕಳಿಸುತ್ತೀರಿ ಎಂದು ಇದಕ್ಕೇ ಉತ್ತರಿಸಿ. ಬಿಲ್ ಪ್ರತಿ, ಬ್ಯಾಂಕ್ ವಿವರ ಜೊತೆಗಿದೆ.”

ಇಲ್ಲಿ ಗಿರಾಕಿಯ ಗುಣದ ಬಗ್ಗೆ ಒಂದು ಮಾತೂ ಇಲ್ಲ. ಇರುವುದೆಲ್ಲ ವ್ಯವಹಾರದ ವಿವರ. ತಕರಾರಿದ್ದರೆ ನಾಳೆಯೇ ಹೇಳಿ ಎಂದದ್ದರಿಂದ, ತಿಂಗಳಾದ ಮೇಲೆ “ಪ್ರಿಂಟ್ ಸರಿ ಇರಲಿಲ್ಲ” ಎಂದು ರಾಗ ಎಳೆಯುವುದು ಅವರಿಗೆ ಕಷ್ಟ. ಹಾಗೆಂದು ತೀರಾ ಮೆತ್ತಗಾಗುವುದೂ ಸಲ್ಲ. “ಅನ್ಯಥಾ ಭಾವಿಸಬೇಡಿ, ಅನುಕೂಲವಾದಾಗ ನೋಡಿ” ಎಂದು ಬರೆದರೆ ಆ ಅನುಕೂಲ ಎಂದೂ ಬರುವುದಿಲ್ಲ. “ಆದಷ್ಟು ಬೇಗ” ಎಂಬುದೂ ಅಷ್ಟೇ. ವಿನಯ ನಮಸ್ಕಾರದಲ್ಲಿ ಕಾಣಲಿ, ಬಿಗಿ ತಾರೀಖಿನಲ್ಲಿ ಕಾಣಲಿ.

ಜುಲೈ 22 ದಾಟಿದರೂ ದನಿ ಏರಿಸಬೇಕಿಲ್ಲ. ಮುಂದಿನ ಹೆಜ್ಜೆ ಏನೆಂದು ಹೇಳಿದರೆ ಸಾಕು. “ಈ ಬಾಕಿ ತೀರಿದ ಮೇಲೆಯೇ ಹೊಸ ಆರ್ಡರ್ ಕೈಗೆತ್ತಿಕೊಳ್ಳುತ್ತೇವೆ” ಎಂಬ ಒಂದು ಸಾಲು ಸಾಕಾಗುತ್ತದೆ. ಆದರೆ ಬರೆದ ಮೇಲೆ ಹಾಗೇ ನಡೆದುಕೊಳ್ಳಬೇಕು. ನಿಜಕ್ಕೂ ಕೈ ಕಟ್ಟಿದ ಗಿರಾಕಿಗೆ ಎಷ್ಟು ಚೆನ್ನಾಗಿ ಬರೆದರೂ ಹಣ ಹುಟ್ಟುವುದಿಲ್ಲ. ಅಂಥವರಿಗೆ “ಈಗ 20,000, ಉಳಿದದ್ದು ಆಗಸ್ಟ್ 10ಕ್ಕೆ” ಎಂದು ಕಂತು ಮಾಡಿಕೊಟ್ಟು, ಒಪ್ಪಿಗೆಯನ್ನು ಬರಹದಲ್ಲೇ ಪಡೆಯುವುದು ಜಾಣತನ.

ಮೂರನೆಯ ಪತ್ರದಲ್ಲಿ ಕಾನೂನನ್ನು ನೆನಪಿಸಬಹುದು. ಪ್ರೆಸ್ಸು ಉದ್ಯಮ್ ನೋಂದಣಿ ಮಾಡಿಸಿರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆ ಅದರ ಬೆನ್ನಿಗಿದೆ. ಲಿಖಿತ ಒಪ್ಪಂದದಲ್ಲಿ ಎಷ್ಟೇ ದಿನ ಬರೆದಿದ್ದರೂ ಖರೀದಿದಾರರು ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನದೊಳಗೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಇದಲ್ಲದೆ, 2023-24ರ ಹಣಕಾಸು ವರ್ಷದಿಂದ, ಹೀಗೆ ಗಡುವು ಮೀರಿ ವರ್ಷಾಂತ್ಯಕ್ಕೂ ಬಾಕಿ ಉಳಿದ ಮೊತ್ತವನ್ನು ಖರೀದಿದಾರರು ಆ ವರ್ಷದ ಖರ್ಚೆಂದು ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ. ಆದ್ದರಿಂದ “ನಮ್ಮದು ಉದ್ಯಮ್ ನೋಂದಾಯಿತ ಸಂಸ್ಥೆ, ನೋಂದಣಿ ಸಂಖ್ಯೆ ಬಿಲ್ಲಿನಲ್ಲಿದೆ” ಎಂದು ಬರೆದರೆ ಅವರ ಆಡಿಟರೇ ಎಚ್ಚರಗೊಳ್ಳುತ್ತಾರೆ. ಆದರೆ ಬೇರೆಯವರ ಮಾಲನ್ನು ಕೊಂಡು ಮಾರುವ ವ್ಯಾಪಾರಿಗಳು ಇದೇ ಸಾಲನ್ನು ಬರೆಯುವ ಮುಂಚೆ ತಮ್ಮ ಆಡಿಟರನ್ನು ಕೇಳಬೇಕು. ಈ ರಕ್ಷಣೆ ಮುಖ್ಯವಾಗಿ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ.

ಉತ್ತರವನ್ನು ಬರಹದಲ್ಲೇ ಕೇಳುವುದಕ್ಕೂ ಕಾರಣವಿದೆ. ಇಂಥ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶ. ಆ ಅವಧಿ ಮುಗಿಯುವ ಮೊದಲು ಸಾಲಗಾರರು ಸಹಿ ಹಾಕಿ ಬಾಕಿಯನ್ನು ಬರಹದಲ್ಲಿ ಒಪ್ಪಿಕೊಂಡರೆ, ಅಂದಿನಿಂದ ಮೂರು ವರ್ಷ ಹೊಸದಾಗಿ ಎಣಿಕೆಯಾಗುತ್ತದೆ. ಬೈದು ಬರೆದರೆ ಮರುಬೈಗುಳವೋ ಮೌನವೋ ಸಿಗುತ್ತದೆ. ಸೌಜನ್ಯದಿಂದ ತಾರೀಖು ಕೇಳಿದವರಿಗೆ “ಹೌದು, ಕೊಡಬೇಕಿದೆ, 22ಕ್ಕೆ ಕೊಡುತ್ತೇವೆ” ಎಂಬ ಪತ್ರ ಸಿಗುವ ಸಾಧ್ಯತೆ ಹೆಚ್ಚು. ನಾಳೆ ವಕೀಲರ ಬಳಿ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಆ ಪತ್ರವನ್ನೇ.