ಹೊಸ ಮನೆಗೆ ಬಂದ ಮಗು: ಬಾಂಧವ್ಯದ ತೊಡಕನ್ನು ಗುರುತಿಸುವುದು, ದಿನಚರಿಯನ್ನು ರೂಪಿಸುವುದು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಹಾಗೂ ಆಗಿನ ಉಮರ್ಗಾ ತಾಲ್ಲೂಕಿನ ಸಾಸ್ತೂರಿನ ಸುತ್ತಮುತ್ತ ಭೂಮಿ ನಡುಗಿ ಸುಮಾರು 10,000 ಜನರು ಮಡಿದರು. ಒಂದೇ ರಾತ್ರಿಯಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಲ್ಲಿ ಅನೇಕರನ್ನು ಅಜ್ಜಿ, ಸೋದರಮಾವ, ಚಿಗವ್ವಂದಿರು ತಮ್ಮ ಮನೆಗೆ ಕರೆದೊಯ್ದರು. ಭೂಕಂಪಪೀಡಿತ ಪ್ರದೇಶದ ಸುಮಾರು 1,200 ಮಕ್ಕಳನ್ನು ಭಾರತೀಯ ಜೈನ ಸಂಘಟನೆಯು ಶಿಕ್ಷಣಕ್ಕಾಗಿ ಪುಣೆಗೆ ಕರೆದೊಯ್ದಿತು. ಉಮರ್ಗಾ, ನಿಲಂಗಾ, ಉದಗೀರ ಭಾಗದ ಹಿರಿಯ ಶಿಕ್ಷಕರಿಗೆ ಆ ದಿನಗಳ ನೆನಪಿದೆ. ಅಂದು ಅನ್ನ, ಬಟ್ಟೆ, ಪಾಠಪುಸ್ತಕಗಳ ವ್ಯವಸ್ಥೆ ಬೇಗನೆ ಆಯಿತು. ಆದರೆ ನೋವಾದಾಗ ಮಗು ಯಾರ ಬಳಿಗೆ ಓಡಬೇಕೆಂಬುದನ್ನು ಯಾವ ಪಟ್ಟಿಯಲ್ಲಿಯೂ ಬರೆಯಲು ಬರುತ್ತಿರಲಿಲ್ಲ. ಭೂಕಂಪವಿಲ್ಲದ ವರ್ಷಗಳಲ್ಲಿಯೂ ದತ್ತುಪಡೆದ, ಪೋಷಣೆಗೆಂದು ಬಂದ ಅಥವಾ ಯಾವ ಕಾಗದಪತ್ರವೂ ಇಲ್ಲದೆ ಬಂಧುಗಳ ಮನೆಯಲ್ಲಿ ಬೆಳೆಯುವ ಮಕ್ಕಳು ನಮ್ಮ ಶಾಲೆಗಳಲ್ಲಿ ಇದ್ದೇ ಇರುತ್ತಾರೆ.

ಮಗು ಹೆದರಿದಾಗ, ಬಿದ್ದಾಗ, ಜ್ವರ ಬಂದಾಗ ತನ್ನವರೆಂದು ತಿಳಿದ ಒಬ್ಬಿಬ್ಬರನ್ನು ಹುಡುಕಿ ಹೋಗುತ್ತದೆ. ಅವರ ಬಳಿ ಸಮಾಧಾನಗೊಂಡು ಮತ್ತೆ ಆಟಕ್ಕೆ ಮರಳುತ್ತದೆ. ಮನಶ್ಶಾಸ್ತ್ರವು ಅಟ್ಯಾಚ್‌ಮೆಂಟ್ ಎಂದು ಕರೆಯುವ ಬಾಂಧವ್ಯ ಇದೇ. ಮೊದಲ ವರ್ಷಗಳಲ್ಲಿ ಆರೈಕೆ ಮಾಡುವ ಕೈ ಪದೇ ಪದೇ ಬದಲಾದರೆ, ಅಥವಾ ಅತ್ತಾಗ ಯಾರೂ ಬರದಿದ್ದರೆ, ಈ ಹುಡುಕಾಟವೇ ಕೆಡುತ್ತದೆ. ಕೆಲವು ಮಕ್ಕಳು ಯಾರ ಬಳಿಗೂ ಹೋಗುವುದಿಲ್ಲ, ಸಂತೈಸಲು ಬಂದವರ ಕೈಯನ್ನೂ ದೂಡುತ್ತಾರೆ. ಇನ್ನು ಕೆಲವರು ಎಲ್ಲರ ಬಳಿಗೂ ಹೋಗುತ್ತಾರೆ. ಅಪರಿಚಿತರ ತೊಡೆಯನ್ನೇರುತ್ತಾರೆ, ಕರೆದವರ ಹಿಂದೆ ನಡೆಯುತ್ತಾರೆ. ಎರಡನೆಯ ಬಗೆಯ ಮಗುವನ್ನು ಶಾಲೆಯು ‘ಬಹಳ ಸಲಿಗೆಯ ಮಗು’ ಎಂದು ಮೆಚ್ಚಿ ಸುಮ್ಮನಾಗುವುದುಂಟು. ಮೊದಲನೆಯದಕ್ಕಿಂತ ಇದು ತಡವಾಗಿ ಗಮನಕ್ಕೆ ಬರಲು ಈ ಮೆಚ್ಚುಗೆಯೇ ಕಾರಣ.

ಈ ಎರಡರ ವ್ಯತ್ಯಾಸವನ್ನು ರುಮೇನಿಯಾದ ಬುಖಾರೆಸ್ಟ್ ನಗರದಲ್ಲಿ 2001ರಲ್ಲಿ ಆರಂಭವಾದ ಅಧ್ಯಯನವೊಂದು ಸ್ಪಷ್ಟಪಡಿಸಿತು. ಅನಾಥಾಲಯಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ, ತರಬೇತಿ ಪಡೆದ ಪೋಷಕ ಕುಟುಂಬಗಳಿಗೆ ಒಪ್ಪಿಸಲಾಯಿತು. ಯಾರ ಬಳಿಗೂ ಹೋಗದ ಲಕ್ಷಣವು ಒಳ್ಳೆಯ ಮನೆ ದೊರೆತ ಮೇಲೆ ಬೇಗನೆ ಇಳಿಯಿತು. ಎಲ್ಲರ ಬಳಿಗೂ ಹೋಗುವ ಲಕ್ಷಣವು ನಿಧಾನವಾಗಿ, ಅರೆಬರೆಯಾಗಿ ಇಳಿಯಿತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಲ್ಲಿ ಬಾಂಧವ್ಯವು ಹೆಚ್ಚು ಚೆನ್ನಾಗಿ ಬೆಳೆಯಿತು. ಆದ್ದರಿಂದ ಮನೆ ಸೇರಿ ವರ್ಷವಾದರೂ ಮಗು ಅಪರಿಚಿತರಿಗೆ ಜೋತುಬಿದ್ದರೆ ಸಾಕುವವರ ಪ್ರೀತಿಯಲ್ಲಿ ಕೊರತೆಯಿದೆಯೆಂದು ಶಿಕ್ಷಕರು ತೀರ್ಮಾನಿಸಲಾಗದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಮುಂದುವರಿಯಬಹುದು. ಉಮರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯ ಎರಡನೆಯ ತರಗತಿಗೆ ಜೂನ್ ತಿಂಗಳಲ್ಲಿ ಏಳು ವರ್ಷದ ಬಾಲಕಿಯೊಬ್ಬಳು ಸೇರುತ್ತಾಳೆ. ಎರಡು ವರ್ಷದವಳಿದ್ದಾಗ ತಾಯಿ ತೀರಿಕೊಂಡಿದ್ದಾಳೆ. ನಾಲ್ಕರವರೆಗೆ ಅಜ್ಜಿ ಸಾಕಿದ್ದಾಳೆ. ಅಜ್ಜಿಯೂ ತೀರಿದ ಮೇಲೆ ಮೂರು ವರ್ಷ ಮರಾಠಿ ಮಾತಿನ ಬಾಲಗೃಹದಲ್ಲಿ ಕಳೆದು, ಈಗ ಪೋಷಣೆಗಾಗಿ ಚಿಗವ್ವನ ಮನೆಗೆ ಬಂದಿದ್ದಾಳೆ. ತರಗತಿಯಲ್ಲಿ ಆಕೆ ಬಾಯಿಬಿಡುವುದಿಲ್ಲ. ಬಿಸಿಯೂಟದ ಚಪಾತಿಯನ್ನು ಮಡಚಿ ಚೀಲದಲ್ಲಿ ಅಡಗಿಸುತ್ತಾಳೆ. ಶಾಲೆಗೆ ಬಂದ ಯಾವ ಅತಿಥಿಯ ಕೈಯನ್ನಾದರೂ ಹಿಡಿಯುತ್ತಾಳೆ. ಸಂಜೆ ಚಿಗವ್ವ ಬಂದರೆ ಮಾತ್ರ ಮುಖ ತಿರುಗಿಸುತ್ತಾಳೆ.

ಇಲ್ಲಿ ಮೊದಲು ಬೇರ್ಪಡಿಸಬೇಕಾದದ್ದು ಮೌನವನ್ನು. ಗಡಿಭಾಗದ ಶಿಕ್ಷಕರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಮೂರು ವರ್ಷ ಮರಾಠಿಯಲ್ಲಿ ಬದುಕಿದ ಮಗು ಕನ್ನಡದ ತರಗತಿಯಲ್ಲಿ ಸುಮ್ಮನಿದ್ದರೆ ಅದು ಭಾಷೆಯ ಮೌನವಾಗಿರಬಹುದು. ಅಡುಗೆಯಾಕೆಯೊಡನೆ ಅವಳು ಮರಾಠಿಯಲ್ಲಿ ಸರಾಗವಾಗಿ ಮಾತನಾಡುತ್ತಿದ್ದರೆ ಅನುಮಾನಕ್ಕೆ ಎಡೆಯಿಲ್ಲ; ಶಿಕ್ಷಕರು ಮೊದಲ ಕೆಲವು ವಾರ ಮರಾಠಿಯಲ್ಲಿಯೇ ಆಕೆಯನ್ನು ಮಾತನಾಡಿಸುವುದು ಲೇಸು. ಎರಡೂ ಭಾಷೆಗಳಲ್ಲಿ ಮೌನವಿದ್ದರೆ ಕಿವಿಯನ್ನು ಪರೀಕ್ಷಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಶಾಲೆಗೆ ಬಂದಾಗ ಈ ಮಗುವನ್ನು ಹೆಸರಿಟ್ಟು ತೋರಿಸಬೇಕು. ಆಟಿಸಂನ ಮಗುವೂ ದೂರ ಉಳಿಯುತ್ತದೆ; ಆದರೆ ಅಲ್ಲಿ ಒಂದೇ ಚಲನೆಯ ಪುನರಾವರ್ತನೆ, ಒಂದೇ ವಸ್ತುವಿನ ಗೀಳು ಮುಂತಾದವು ಜೊತೆಗಿರುತ್ತವೆ, ಮತ್ತು ಆರೈಕೆಯ ಕೊರತೆಯ ಇತಿಹಾಸವಿಲ್ಲದೆಯೂ ಅದು ಕಾಣಿಸಿಕೊಳ್ಳುತ್ತದೆ. ಸದ್ಯದ ಶೋಕವನ್ನೂ ಮರೆಯಬಾರದು. ತಾನು ಬಿಟ್ಟುಬಂದ ಬಾಲಗೃಹದ ಗೆಳತಿಯರಿಗಾಗಿ ಈ ಬಾಲಕಿ ಕೊರಗುತ್ತಿರಬಹುದು. ಬಡತನದಿಂದ ಬಿಡಿಸಿ ತಂದೆವಲ್ಲ ಎನ್ನುವ ಹಿರಿಯರಿಗೆ ಈ ಕೊರಗು ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಅನಂತರ ಮೂರು ವಾರಗಳ ದಾಖಲೆ. ಮಗುವಿನ ಗುಣವನ್ನು ಬರೆಯದೆ ನಡೆದದ್ದನ್ನು ಬರೆಯಬೇಕು. ‘ಮೊಂಡು ಹುಡುಗಿ, ಪ್ರೀತಿ ಗೊತ್ತಿಲ್ಲ’ ಎಂಬ ಟಿಪ್ಪಣಿಯಿಂದ ಏನೂ ತಿಳಿಯದು. ಹೀಗೆ ಬರೆದರೆ ತಿಳಿಯುತ್ತದೆ: ‘ಜುಲೈ 8, ಮಧ್ಯಾಹ್ನ 12.40. ಓಡುವಾಗ ಬಿದ್ದು ಮೊಣಕಾಲು ತರಚಿತು. ಅಳಲಿಲ್ಲ. ಯಾರತ್ತಲೂ ನೋಡಲಿಲ್ಲ. ಮಣ್ಣಿನಿಂದ ರಕ್ತ ಒರೆಸಿಕೊಂಡಳು. ಬಾಯಿ ಕರೆದರೂ ಬರಲಿಲ್ಲ. ಗೋಡೆಯ ಬಳಿ 15 ನಿಮಿಷ ನಿಂತಿದ್ದಳು.’ ನೋವು, ಹೆದರಿಕೆ, ಜಗಳ, ಬೀಳ್ಕೊಡುಗೆ, ಮರುಭೇಟಿ: ಈ ಸಂದರ್ಭಗಳನ್ನಷ್ಟೇ ಆರಿಸಿಕೊಂಡರೆ ಸಾಕು, ಬಾಂಧವ್ಯವು ಕಾಣುವುದು ಆಗಲೇ, ನೆಮ್ಮದಿಯ ಆಟದ ಹೊತ್ತಿನಲ್ಲಿ ಅಲ್ಲ. ಮೂರು ವಾರದಲ್ಲಿ ಇಂತಹ 11 ಸಂದರ್ಭಗಳು ದಾಖಲಾಗಿ, ಎರಡರಲ್ಲಿ ಮಾತ್ರ ಬಾಲಕಿ ಪರಿಚಿತ ಹಿರಿಯರತ್ತ ತಿರುಗಿದ್ದಾಳೆ ಎಂದಿಟ್ಟುಕೊಳ್ಳೋಣ. ಇದೇ ಮುಂದಿನ ಅಳತೆಗೋಲು. ಚಿಗವ್ವನನ್ನೂ ಇದೇ ಪ್ರಶ್ನೆಗಳಿಂದ ವಿಚಾರಿಸಬೇಕು: ರಾತ್ರಿ ಎಚ್ಚರವಾದರೆ ಏನು ಮಾಡುತ್ತಾಳೆ, ಜ್ವರ ಬಂದರೆ ಹೇಳುತ್ತಾಳೆಯೇ, ಸಂತೆಯಲ್ಲಿ ಕೈಬಿಟ್ಟು ಹೋಗುತ್ತಾಳೆಯೇ.

ಈ ದಾಖಲೆಯಿಂದ ಶಿಕ್ಷಕರು ರೋಗದ ಹೆಸರನ್ನು ಹೇಳುವಂತಿಲ್ಲ. ಬಾಂಧವ್ಯದ ವಿಕಾರವೆಂಬ ನಿರ್ಣಯಕ್ಕೆ ಎಳೆಯ ವಯಸ್ಸಿನ ತೀವ್ರ ಆರೈಕೆಯ ಕೊರತೆಯ ಪುರಾವೆಯೂ ಮಕ್ಕಳ ಮನೋವೈದ್ಯರ ಪರೀಕ್ಷೆಯೂ ಬೇಕು. ಸುಳ್ಳು, ಕಳವು, ಹಟ ಎಲ್ಲವನ್ನೂ ಒಟ್ಟುಗೂಡಿಸಿ ಅಂಕ ಹಾಕುವ ಪಟ್ಟಿಗಳು ಮೊಬೈಲುಗಳಲ್ಲಿ ಹರಿದಾಡುತ್ತವೆ, ಅವುಗಳನ್ನು ನಂಬಬಾರದು. ಮಗುವನ್ನು ಬಲವಂತವಾಗಿ ಹಿಡಿದು ಅಪ್ಪಿ ‘ಪ್ರೀತಿ ಕಲಿಸುವ’ ಪದ್ಧತಿಯು ಅಪಾಯಕಾರಿ. ಅಂತಹ ಚಿಕಿತ್ಸೆಯ ಹೆಸರಿನಲ್ಲಿ ಅಮೆರಿಕದಲ್ಲಿ ಮಕ್ಕಳು ಸತ್ತದ್ದೂ ಇದೆ.

ದಿನಚರಿಯ ವಿಷಯಕ್ಕೆ ಬಂದರೆ, ಮನೆಯಲ್ಲಿ ಏಳಿಸುವುದು, ಉಣಿಸುವುದು, ಮಲಗಿಸುವುದು ಈ ಮೂರು ಕೆಲಸಗಳನ್ನು ಮೊದಲ ಆರು ತಿಂಗಳು ಆದಷ್ಟೂ ಒಬ್ಬರೇ ಮಾಡಬೇಕು. ತುಂಬುಕುಟುಂಬದಲ್ಲಿ ಎಲ್ಲರೂ ಸರದಿಯಂತೆ ಮುದ್ದಿಸುವುದು ಸಹಜ. ಆದರೆ ಈ ಬಾಲಕಿ ಬಾಲಗೃಹದಲ್ಲಿ ಕಂಡದ್ದೂ ಸರದಿಯನ್ನೇ. ಹೊಲಕ್ಕೆ ಹೊರಡುವಾಗ ಚಿಗವ್ವ ಕಣ್ಣುತಪ್ಪಿಸಿ ಹೋಗಬಾರದು. ‘ನಾ ಹೊಲಕ್ಕ ಹೋಗಿ ಕತ್ತಲಾಗೋದ್ರಾಗ ಬರ್ತೀನಿ’ ಎಂಬ ಒಂದೇ ಮಾತನ್ನು ದಿನವೂ ಹೇಳಿ, ಹೇಳಿದ ಹೊತ್ತಿಗೆ ಬರಬೇಕು. ರೊಟ್ಟಿ ಅಡಗಿಸುವುದಕ್ಕೆ ಶಿಕ್ಷೆ ಕೂಡದು. ಮುಚ್ಚಳವಿರುವ ಒಂದು ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ತುಂಬಿ ಅದು ಅವಳದೇ ಎಂದು ಹೇಳಿ, ಖಾಲಿಯಾದಂತೆ ತುಂಬುತ್ತಿದ್ದರೆ ಸಾಮಾನ್ಯವಾಗಿ ಅಡಗಿಸುವುದು ತಾನಾಗಿ ಕಡಿಮೆಯಾಗುತ್ತದೆ. ತಪ್ಪು ಮಾಡಿದಾಗ ಕೋಣೆಯಿಂದ ಹೊರಗಟ್ಟುವ ಬದಲು ತನ್ನ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ‘ಮತ್ತ ಅಲ್ಲೇ ಕಳಸ್ತೀನಿ ನೋಡು’ ಎಂಬ ಬೆದರಿಕೆ ಬೇರೆ ಮಕ್ಕಳಿಗೆ ಬರೀ ಮಾತು. ಮೂರು ಮನೆ ಬದಲಿಸಿದವಳಿಗೆ ಅದು ನಿಜ.

ಶಾಲೆಯಲ್ಲಿ ಒಬ್ಬ ಶಿಕ್ಷಕಿ ಬೆಳಿಗ್ಗೆ ಬಾಗಿಲಲ್ಲಿ ಬಾಲಕಿಯನ್ನು ಬರಮಾಡಿಕೊಂಡು ಸಂಜೆ ಚಿಗವ್ವನ ಕೈಗೇ ಒಪ್ಪಿಸಲಿ. ಅತಿಥಿಗಳು ಬಂದಾಗ ‘ಮೊದಲು ಬಾಯಿಯವರನ್ನು ಕೇಳು’ ಎಂಬ ನಿಯಮವನ್ನು ತರಗತಿಯ ಎಲ್ಲ ಮಕ್ಕಳಿಗೂ ಮಾಡಿದರೆ ಯಾರೊಬ್ಬರೂ ಬೇರೆಯಾಗಿ ಕಾಣುವುದಿಲ್ಲ. ತರಬೇತಿ, ಚುನಾವಣೆ, ಜನಗಣತಿ ಎಂದು ಶಿಕ್ಷಕರೇ ಆಗಾಗ ಕಾಣೆಯಾಗುವುದು ನಮ್ಮ ಶಾಲೆಗಳ ವಾಸ್ತವ. ಹಿಂದಿನ ದಿನವೇ ಬಾಲಕಿಗೆ ತಿಳಿಸಿ, ನಾಳೆ ಯಾರು ಬಾಗಿಲಲ್ಲಿರುತ್ತಾರೆಂದು ಅವರನ್ನು ಕರೆದು ತೋರಿಸಿದರೆ ಸಾಕು. ‘ನನ್ನ ಕುಟುಂಬ’ ಪಾಠದಲ್ಲಿ ಹೆತ್ತವರ ಚಿತ್ರವನ್ನೇ ತರಬೇಕೆಂದು ಒತ್ತಾಯಿಸದೆ, ‘ನಮ್ಮ ಮನೆಯಲ್ಲಿ ಇರುವವರು’ ಎಂದು ಬರೆಯಿಸಬಹುದು. ಮಗುವಿನ ಹಿನ್ನೆಲೆಯನ್ನು ತರಗತಿಯಲ್ಲಾಗಲಿ ಪಾಲಕರ ಸಭೆಯಲ್ಲಾಗಲಿ ಹೇಳಬಾರದು.

ಈ ಯೋಜನೆಯೆಲ್ಲ ಮುರಿದುಬೀಳುವ ಹೊತ್ತೊಂದಿದೆ, ಅದು ಕಬ್ಬಿನ ಹಂಗಾಮು. ದಸರೆ, ದೀಪಾವಳಿಗಳು ಮುಗಿಯುತ್ತಿದ್ದಂತೆ ಮರಾಠವಾಡದ ಅನೇಕ ಕುಟುಂಬಗಳು ಮುಂಗಡ ಹಣ ಪಡೆದು ಕೊಯ್ತಾ ಹಿಡಿದು ಹೊರಡುತ್ತವೆ. ಅಲ್ಲಿ ಗಂಡಹೆಂಡಿರಿಬ್ಬರೂ ಸೇರಿ ಒಂದು ಜೋಡಿ. ಚಿಗವ್ವನೂ ಹೊರಟರೆ ಬಾಲಕಿಯ ಪಾಲಿಗೆ ಇನ್ನೊಂದು ಮನೆ ಕಳೆದಂತೆ. ಊರಲ್ಲಿ ಉಳಿಯುವ ಮಕ್ಕಳಿಗಾಗಿ ಹಂಗಾಮಿ ವಸತಿಗೃಹದ ವ್ಯವಸ್ಥೆಯಿದ್ದರೂ, ಬಾಲಗೃಹದಿಂದ ಬಂದ ಮಗುವಿಗೆ ಅದು ಕೊನೆಯ ಆಯ್ಕೆಯಾಗಬೇಕು. ಆದ್ದರಿಂದ ಹಣದ ಮಾತನ್ನು ಶಿಕ್ಷಕರು ಆಗಸ್ಟ್‌ನಲ್ಲಿಯೇ ಎತ್ತುವುದು ಒಳ್ಳೆಯದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಗುವಿನ ಪೋಷಣೆಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ರಾಜ್ಯದ ಬಾಲಸಂಗೋಪನ ಯೋಜನೆಯೂ ಇದೆ. ಅರ್ಜಿಯು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಬಾಲಕಲ್ಯಾಣ ಸಮಿತಿಯ ಮುಂದೆ ಹೋಗುತ್ತದೆ. ಉಮರ್ಗಾದವರಿಗೆ ಧಾರಾಶಿವ, ನಿಲಂಗಾ ಮತ್ತು ಉದಗೀರದವರಿಗೆ ಲಾತೂರ ಜಿಲ್ಲೆ. ಶಾಲೆಯ ಹಾಜರಾತಿ ಪತ್ರ ಅರ್ಜಿಗೆ ಬಲ ಕೊಡುತ್ತದೆ. ಕಾಗದಪತ್ರವಿಲ್ಲದೆ ಬಂಧುಗಳ ಮನೆಯಲ್ಲಿರುವ ಮಕ್ಕಳು ಈ ನೆರವಿನಿಂದ ಹೊರಗುಳಿಯುವುದೇ ಹೆಚ್ಚು. ಸಮಿತಿಯ ಮುಂದೆ ಹಾಜರುಪಡಿಸುವುದು ಅವರಿಗೆ ಮೊದಲ ಹೆಜ್ಜೆ.

ಅಕ್ಟೋಬರ್‌ನಲ್ಲಿ ಮೊದಲಿನಂತೆಯೇ ಮೂರು ವಾರ ಬರೆದಿಡಬೇಕು. 10 ಸಂದರ್ಭಗಳಲ್ಲಿ 6ರಲ್ಲಿ ಬಾಲಕಿ ಶಿಕ್ಷಕಿಯತ್ತಲೋ ಚಿಗವ್ವನತ್ತಲೋ ತಿರುಗಿದ್ದರೆ, ಅತಿಥಿಗಳ ಕೈ ಹಿಡಿಯುವುದು ಇನ್ನೂ ನಿಲ್ಲದಿದ್ದರೂ, ದಿನಚರಿಯನ್ನು ಬದಲಿಸದೆ ಮುಂದುವರಿಸಬೇಕು. ಈ ನಡುವೆ ಸಿಟ್ಟು, ಅಳು ಹೆಚ್ಚಿದರೆ ಗಾಬರಿ ಬೇಡ. ಅಳದೆ ನಿಲ್ಲುತ್ತಿದ್ದವಳು ಚಿಗವ್ವನ ಮುಂದೆ ಅಳತೊಡಗಿದ್ದು ಮುನ್ನಡೆ. ಆರು ತಿಂಗಳಾದರೂ ಎಣಿಕೆ ಕದಲದಿದ್ದರೆ, ಅಥವಾ ಮಗು ತನ್ನನ್ನು ತಾನೇ ಗಾಯಮಾಡಿಕೊಂಡರೆ, ಊಟ ನಿದ್ರೆ ಬಿಟ್ಟರೆ, ಅಪರಿಚಿತರ ಹಿಂದೆ ಊರು ದಾಟಿದರೆ ಕಾಯುವಂತಿಲ್ಲ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ದಾಖಲೆಯ ಪ್ರತಿಯೊಡನೆ ಕಳುಹಿಸಬೇಕು. ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿಯೂ ಸಲಹೆ ಪಡೆಯಬಹುದು. ಹೊಡೆತದ ಗುರುತು ಅಥವಾ ಶೋಷಣೆಯ ಸುಳಿವು ಕಂಡರೆ ದಾಖಲೆ ಮುಗಿಯುವವರೆಗೆ ತಡೆಯದೆ ಅಂದೇ 1098ಕ್ಕೆ ತಿಳಿಸಬೇಕು.