ರಹಸ್ಯ ಕೀಲಿಯಲ್ಲಿ ಸೊನ್ನೆ ಏಕಿಲ್ಲ?

ಇಮೇಲ್ ಖಾತೆಗೆ ಎರಡು ಹಂತದ ಭದ್ರತೆ ಹಾಕಿಕೊಳ್ಳುವಾಗ ಪರದೆಯ ಮೇಲೆ ಕ್ಯೂಆರ್ ಕೋಡ್ ಬರುತ್ತದೆ. ಕ್ಯಾಮೆರಾ ಕೈಕೊಟ್ಟರೆ ಬೆರಳಚ್ಚಿಸಲು ಅನುಕೂಲವಾಗಲೆಂದು ಅಕ್ಷರಗಳ ಉದ್ದನೆಯ ಸಾಲನ್ನೂ ಕೊಡುತ್ತಾರೆ. ಆ ಸಾಲಿನಲ್ಲಿ 0, 1, 8, 9 ಎಂದೂ ಸಿಗುವುದಿಲ್ಲ.

ಅಥೆಂಟಿಕೇಟರ್ ಆ್ಯಪ್ ಮೂವತ್ತು ಸೆಕೆಂಡಿಗೊಮ್ಮೆ ತೋರಿಸುವ ಆರಂಕಿಯ ಸಂಖ್ಯೆ ಹುಟ್ಟುವುದು ಎರಡರಿಂದ: ಈಗಿನ ಸಮಯ ಮತ್ತು ಒಂದು ರಹಸ್ಯ ಕೀಲಿ. ಕೀಲಿ ಎಂದರೆ ಸಾಮಾನ್ಯವಾಗಿ 20 ಬೈಟ್, ಅಂದರೆ 160 ಬಿಟ್. ಕಚ್ಚಾ ಬೈಟುಗಳನ್ನು ಕೀಲಿಮಣೆಯಲ್ಲಿ ಒತ್ತಲಾಗದು. ಹಾಗಾಗಿ ಬಿಟ್‌ಗಳನ್ನು ಐದೈದರಂತೆ ಬಿಡಿಸಿ, ಒಂದೊಂದು ಗುಂಪಿಗೆ ಒಂದೊಂದು ಅಕ್ಷರ ಕೊಡುತ್ತಾರೆ. ಐದು ಬಿಟ್‌ಗಳಿಂದ 32 ಸಂಖ್ಯೆಗಳು ಸಾಧ್ಯ. ಬೇಸ್-32 ಎಂಬ ಹೆಸರು ಅದರಿಂದಲೇ ಬಂತು.

ಉದಾಹರಣೆಗೆ Hello ಎಂಬ ಐದು ಬೈಟ್ ತೆಗೆದುಕೊಳ್ಳೋಣ.

```
01001 00001 10010 10110 11000 11011 00011 01111
  J     B     S     W     Y     3     D     P
```

A ಎಂದರೆ 0, Z ಎಂದರೆ 25. ಅಲ್ಲಿಗೆ 26 ಅಕ್ಷರ ಮುಗಿಯಿತು, ಇನ್ನು ಆರು ಬೇಕು. ಸೊನ್ನೆ O ಅಕ್ಷರದಂತೆ, 1 ಎಂಬುದು I ಅಥವಾ L ಅಕ್ಷರದಂತೆ, 8 ಎಂಬುದು B ಅಕ್ಷರದಂತೆ ಕಾಣುವುದರಿಂದ ಅವನ್ನು ಬಿಟ್ಟು 2ರಿಂದ 7ರವರೆಗಿನ ಅಂಕಿಗಳನ್ನು ಸೇರಿಸಿದರು. 9 ಬೇಕಾಗಲೇ ಇಲ್ಲ. 2006ರ RFC 4648 ಎಂಬ ಮಾನದಂಡದಲ್ಲಿರುವುದು ಇದೇ ಪಟ್ಟಿ.

ಬೇಸ್-64 ಬಳಸಿದ್ದರೆ ಸಾಲು ಇನ್ನೂ ಚಿಕ್ಕದಾಗುತ್ತಿತ್ತು ನಿಜ. ಆದರೆ ಅದರಲ್ಲಿ ದೊಡ್ಡ a, ಚಿಕ್ಕ a ಬೇರೆ ಬೇರೆ. ಫೋನಿನಲ್ಲಿ ಓದಿ ಹೇಳುವವರಿಗೂ ಬರೆದುಕೊಳ್ಳುವವರಿಗೂ ಅದು ಪೀಕಲಾಟ. ಬೇಸ್-32ರಲ್ಲಿ ಆ ಭೇದವಿಲ್ಲ. 20 ಬೈಟಿಗೆ 32 ಅಕ್ಷರ, ನಾಲ್ಕು ನಾಲ್ಕಾಗಿ ಬಿಡಿಸಿ ಓದಿದರೆ ಎಂಟೇ ಗುಂಪು. ಕೈಯಲ್ಲಿ ಬರೆದುಕೊಳ್ಳುವವರನ್ನು ನೆನೆದು ಮಾಡಿದ ಆಯ್ಕೆಯಿದು. ನನ್ನ ಮಟ್ಟಿಗೆ ಸರಿಯಾದ ಆಯ್ಕೆ.

ಯಾರಾದರೂ B ಬದಲು 8 ಒತ್ತಿದರೆ ಅದು ಪಟ್ಟಿಯಲ್ಲೇ ಇಲ್ಲವಾದ್ದರಿಂದ ತಪ್ಪು ತಕ್ಷಣ ಗೊತ್ತಾಗುತ್ತದೆ. ಗೂಗಲ್ ಅಥೆಂಟಿಕೇಟರ್‌ನ ಮುಕ್ತ ಆಕರದ ಕೋಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 0 ಕಂಡರೆ O ಎಂದೂ, 1 ಕಂಡರೆ L ಎಂದೂ, 8 ಕಂಡರೆ B ಎಂದೂ ತಿದ್ದಿಕೊಳ್ಳುತ್ತದೆ. ನೀವು ಓದಬೇಕಿದ್ದುದು I ಆಗಿದ್ದರೆ ಆ ಊಹೆ ತಪ್ಪುತ್ತದೆ.

ಪಟ್ಟಿಯಲ್ಲಿ ಉಳಿದುಕೊಂಡ ಜೋಡಿಗಳೂ ಇವೆ: S ಮತ್ತು 5, Z ಮತ್ತು 2. ಮೇಲಿನ ಸಾಲನ್ನು JB5WY3DP ಎಂದು ಒತ್ತಿದರೆ Hello ಹೋಗಿ H{llo ಆಗುತ್ತದೆ. ತಪ್ಪು ಪತ್ತೆಹಚ್ಚುವ ಅಂಕಿ ಇದರಲ್ಲಿ ಇಲ್ಲವಾದ್ದರಿಂದ ಆ್ಯಪ್ ತಕರಾರಿಲ್ಲದೆ ಒಪ್ಪಿಕೊಂಡು ಆರಂಕಿಯ ಸಂಖ್ಯೆಗಳನ್ನು ತೋರಿಸುತ್ತಲೇ ಇರುತ್ತದೆ. ಖಾತೆ ಮಾತ್ರ ಯಾವುದನ್ನೂ ಒಪ್ಪುವುದಿಲ್ಲ.

ಹೀಗಾದಾಗ ಮೊದಲು ಫೋನಿನ ಗಡಿಯಾರ ಸರಿಯಿದೆಯೇ ನೋಡಿ. ಸರಿಯಿದ್ದರೆ ಆ್ಯಪ್‌ನಲ್ಲಿನ ಆ ನಮೂದನ್ನು ಅಳಿಸಿ, 5 ಮತ್ತು 2 ಬಂದ ಕಡೆ ಕಣ್ಣಿಟ್ಟು ಮತ್ತೆ ಒತ್ತಿ. ಇದು ಗೂಢಲಿಪಿಯಲ್ಲ, ಬರೀ ಬರಹದ ರೂಪ. ಆ ಸಾಲಿನ ಫೋಟೊ ಯಾರ ಕೈಗೆ ಸಿಕ್ಕರೂ ನಿಮ್ಮ ಸಂಖ್ಯೆಗಳು ಅವರಿಗೂ ಸಿಗುತ್ತವೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ.